ಮೂರು ಬಾಯ್ಲರ್, ಒಂದು ಚಿಮಣಿಯೋ ಮೂರು ಚಿಮಣಿಯೋ: ಮಲೆನಾಡಿನ ಹಾಸ್ಟೆಲ್‌ಗಳಿಗೆ ಹೋಲಿಕೆ

ಮಳೆಗಾಲದಲ್ಲಿ ಸೋಲಾರ್ ನೀರು ನಂಬುವಂತಿಲ್ಲ. ಹಾಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೊಡ್ಡ ಹಾಸ್ಟೆಲ್ ಕಟ್ಟುವವರು ಡೀಸೆಲ್ ಬಾಯ್ಲರ್ ಕೂರಿಸುತ್ತಾರೆ. ಒಂದೇ ದೊಡ್ಡದರ ಬದಲು ಎರಡು ಮೂರು ಮಧ್ಯಮ ಗಾತ್ರದವು. ಇದು ಒಳ್ಳೆಯ ತೀರ್ಮಾನವೇ. ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಆಮೇಲೆ ಹೊಗೆ ಎಲ್ಲಿಂದ ಬಿಡುವುದು ಎಂಬ ಪ್ರಶ್ನೆ ಬರುತ್ತದೆ. ಪ್ರತಿಯೊಂದಕ್ಕೂ ಬೇರೆ ಚಿಮಣಿಯೋ, ಎಲ್ಲ ಸೇರಿಸಿ ಒಂದೋ, ಚಿಮಣಿ ತುದಿಗೆ ಫ್ಯಾನ್ ಇಡುವುದೋ? ಈ ವಿಷಯಕ್ಕೆ ಫೋನ್ ಮಾಡುವವರು ತುಂಬ ಜನ. ಒಂದೊಂದು ಕಡೆ ಒಂದೊಂದು ಉತ್ತರ ಸರಿ. ಅದಕ್ಕೇ ಒಂದು ನಿಜವಾದ ಜಾಗವನ್ನೇ ಎದುರಿಗಿಟ್ಟುಕೊಂಡು ಬರೆಯುತ್ತೇನೆ.

ತೀರ್ಥಹಳ್ಳಿ ಹತ್ತಿರದ ಒಂದು ವಸತಿ ಶಾಲೆ. ಸುಮಾರು 600 ಮಕ್ಕಳು. ಗಂಟೆಗೆ 2 ಲಕ್ಷ ಕಿಲೋಕ್ಯಾಲರಿಯ ಮೂರು ಹಾಟ್ ವಾಟರ್ ಬಾಯ್ಲರ್. ಒಂದೊಂದೂ ಗಂಟೆಗೆ 5,000 ಲೀಟರ್ ನೀರನ್ನು 40 ಡಿಗ್ರಿ ಏರಿಸುತ್ತದೆ. ಬೆಳಗ್ಗೆ 5ರಿಂದ 7ರವರೆಗೆ ಮೂರೂ ಉರಿಯುತ್ತವೆ. ಉಳಿದ ಹೊತ್ತು ಅಡುಗೆಮನೆಗೆ ಒಂದೇ ಸಾಕು.

ನನ್ನನ್ನು ಕರೆದದ್ದು ಪುಷ್ಯ ಮಳೆ ಹೊಯ್ಯುತ್ತಿದ್ದ ದಿನ. "ಸಾರ್, ಉರಿಯುವ ಬಾಯ್ಲರಲ್ಲಿ ಹೊಗೆ ಇಲ್ಲ, ಆರಿದ ಬಾಯ್ಲರಲ್ಲಿ ಬರ್ತದೆ" ಅಂದರು ಅಲ್ಲಿನ ಆಪರೇಟರ್. ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ಎರಡು ಬರ್ನರ್ ಹೊತ್ತಿದ್ದವು. ಮೂರನೆಯದು ಆರಿತ್ತು. ಅದರ ಬರ್ನರ್ ಬಾಯಿಯಿಂದ ಬಿಸಿ ಹೊಗೆ ಕೋಣೆಗೆ ಇಳಿಯುತ್ತಿತ್ತು. ಗಾಳಿ ಬರುವ ಲೂವರ್‌ಗೆ ಯಾರೋ ಟಾರ್ಪಾಲ್ ಕಟ್ಟಿದ್ದರು, ಎರಚಲು ಒಳಗೆ ಬರುತ್ತದೆ ಅಂತ. ಗೋಡೆಯ ಆಚೆ ಬದಿಯಲ್ಲಿ ಮಕ್ಕಳು ಮಲಗುವ ಕೋಣೆ. ಆವತ್ತು ನಾನು ಮೊದಲು ಮಾಡಿದ್ದು ಮೂರೂ ಬರ್ನರ್ ಆರಿಸಿ ಟಾರ್ಪಾಲ್ ಕಿತ್ತದ್ದು. ಆರಿದ ಬಾಯ್ಲರಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಅದಕ್ಕೆ ವಾಸನೆಯೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ.

ಏನನ್ನು ನೋಡಿ ಆರಿಸಬೇಕು

ಮೂರು ದಾರಿಗಳನ್ನು ತೂಗುವ ಮೊದಲು ಅಳತೆಗೋಲು ಬೇಕಲ್ವಾ? ನಾನು ನಾಲ್ಕನ್ನು ಇಟ್ಟುಕೊಳ್ಳುತ್ತೇನೆ. ಮೊದಲನೆಯದು, ಆರಿದ ಬಾಯ್ಲರಿಗೆ ಹೊಗೆ ವಾಪಸ್ ಬರುವ ದಾರಿ ಇದೆಯಾ. ಎರಡನೆಯದು, ಒಂದು ಬರ್ನರ್ ಉರಿದಾಗಲೂ ಮೂರು ಉರಿದಾಗಲೂ ಡ್ರಾಫ್ಟ್ ಹೆಚ್ಚುಕಡಿಮೆ ಒಂದೇ ಇರುತ್ತದಾ. ಮೂರನೆಯದು, ನಮ್ಮ ಮಳೆ, ಗಾಳಿ ಮತ್ತು ಕರೆಂಟ್ ಕೈಕೊಡುವ ಅಭ್ಯಾಸ. ನಾಲ್ಕನೆಯದು, ಅದನ್ನು ದಿನಾ ನೋಡಿಕೊಳ್ಳುವವರು ಯಾರು. ಖರ್ಚು ಇವುಗಳ ನಂತರ ಬರುತ್ತದೆ. ಯಾಕೆಂದರೆ ಮೊದಲನೆಯದರಲ್ಲಿ ಸೋತ ವ್ಯವಸ್ಥೆ ಎಷ್ಟು ಅಗ್ಗವಾದರೂ ಬೇಡ.

ಡ್ರಾಫ್ಟ್ ಅಂದರೆ ಚಿಮಣಿಯ ಎಳೆತ. ಬಚ್ಚಲೊಲೆ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಒಲೆ ತಣ್ಣಗಿದ್ದಾಗ ಹೊಗೆ ಮುಖಕ್ಕೆ ಹೊಡೆಯುತ್ತದೆ, ಬಿಸಿಯಾದ ಮೇಲೆ ಮೇಲಕ್ಕೆ ಹೋಗುತ್ತದೆ. ಒಳಗಿನ ಬಿಸಿ ಹೊಗೆ ಹಗುರ, ಹೊರಗಿನ ಗಾಳಿ ಭಾರ. ಆ ವ್ಯತ್ಯಾಸವೇ ಎಳೆತ. ಅದನ್ನು ಪಾಸ್ಕಲ್‌ನಲ್ಲಿ ಅಳೆಯುತ್ತಾರೆ. 10 ಪಾಸ್ಕಲ್ ಅಂದರೆ ಮ್ಯಾನೋಮೀಟರಿನಲ್ಲಿ ಹೆಚ್ಚುಕಡಿಮೆ 1 ಮಿಮೀ ನೀರು. ತುಂಬ ಚಿಕ್ಕ ಸಂಖ್ಯೆ. ಆದರೆ ಬರ್ನರ್‌ಗೆ ಅದು ಗೊತ್ತಾಗುತ್ತದೆ.

ಇಂಥ ಬಾಯ್ಲರಿಗೆ ಹೊಗೆ ಹೊರಡುವ ಬಾಯಲ್ಲಿ 5ರಿಂದ 10 ಪಾಸ್ಕಲ್ ಎಳೆತ ಸ್ಥಿರವಾಗಿದ್ದರೆ ನನಗೆ ಸಮಾಧಾನ. ಸರಿಯಾದ ಅಂಕಿ ತಯಾರಕರ ಪುಸ್ತಕದಲ್ಲಿರುತ್ತದೆ, ಅದನ್ನೇ ಹಿಡಿಯಿರಿ. ಎಳೆತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುವವರು ಬಹಳ ಜನ. ಅದು ತಪ್ಪು. ಜಾಸ್ತಿಯಾದರೆ ಬೇಡದ ಗಾಳಿ ಒಳಗೆ ಬಂದು ಶಾಖ ಚಿಮಣಿಯಲ್ಲಿ ಹೋಗುತ್ತದೆ. ಹೊಗೆಯ ಉಷ್ಣತೆ 200 ಡಿಗ್ರಿ ಇರುವಾಗ ಅದರೊಳಗಿನ ಆಮ್ಲಜನಕ ಶೇ 4ರಿಂದ 7ಕ್ಕೆ ಏರಿದರೆ ಸುಮಾರು ಶೇ 1.5 ಇಂಧನ ವ್ಯರ್ಥ. ನಷ್ಟ ದೊಡ್ಡದಲ್ಲ, ಆದರೆ ದಿನವೂ ಆಗುತ್ತದೆ. ಕಡಿಮೆಯಾದರೆ ಮಾತ್ರ ಮಸಿ, ಹೊಗೆ, ಅಪಾಯ.

ಮೊದಲು ಗಾಳಿ, ಯಾವ ಚಿಮಣಿಯಾದರೂ

ಒಂದು ಲೀಟರ್ ಡೀಸೆಲ್ ಸರಿಯಾಗಿ ಉರಿಯಲು, ಸ್ವಲ್ಪ ಹೆಚ್ಚುವರಿ ಸೇರಿಸಿ, ನಮ್ಮ ಎತ್ತರದಲ್ಲಿ ಸುಮಾರು 13 ಘನ ಮೀಟರ್ ಗಾಳಿ ಬೇಕು. ಸಮುದ್ರಮಟ್ಟದಿಂದ 600 ಮೀಟರ್ ಮೇಲಿರುವುದರಿಂದ ಗಾಳಿ ಶೇ 6-7ರಷ್ಟು ತೆಳು. ಕೆಳಗಿನ ಊರಿನಲ್ಲಿ ಸೆಟ್ ಮಾಡಿ ಕಳಿಸಿದ ಬರ್ನರನ್ನು ಇಲ್ಲಿ ಮತ್ತೆ ಸೆಟ್ ಮಾಡಲೇಬೇಕು. ಈ ಶಾಲೆಯಲ್ಲಿ ಮೂರೂ ಉರಿದರೆ ಗಂಟೆಗೆ ಸುಮಾರು 80 ಲೀಟರ್ ಡೀಸೆಲ್, ಅಂದರೆ 1,000 ಘನ ಮೀಟರ್‌ಗೂ ಮೇಲೆ ಗಾಳಿ. ಅವರ ಬಾಯ್ಲರ್ ಕೋಣೆಯ ಒಟ್ಟು ಗಾಳಿಯೇ 100 ಘನ ಮೀಟರ್. ಗಂಟೆಗೆ ಹತ್ತು ಸಲ ಇಡೀ ಕೋಣೆಯ ಗಾಳಿ ಬದಲಾಗಬೇಕು. ಟಾರ್ಪಾಲ್ ಕಟ್ಟಿದ ಮೇಲೆ ಅದು ಎಲ್ಲಿಂದ ಬರಬೇಕು? ಚಿಮಣಿಯಿಂದಲೇ ಕೆಳಗೆ ಬರುತ್ತದೆ.

ಬ್ರಿಟನ್ನಿನಲ್ಲಿ ಬಾಯ್ಲರ್ ಕೋಣೆಗೆ ಒಂದು ಲೆಕ್ಕ ಇದೆ. ಒಳಹೋಗುವ ಶಾಖದ ಪ್ರತಿ ಕಿಲೋವ್ಯಾಟಿಗೆ ಕೆಳಗೆ 4 ಚದರ ಸೆಂಟಿಮೀಟರ್, ಮೇಲೆ 2 ಚದರ ಸೆಂಟಿಮೀಟರ್ ತೆರೆದ ಜಾಗ. ನಮ್ಮ ಮೂರು ಬಾಯ್ಲರ್ ಸೇರಿ 790 ಕಿಲೋವ್ಯಾಟ್. ಕೆಳಗೆ ಸುಮಾರು ಮೂರೂವರೆ ಚದರ ಅಡಿ, ಮೇಲೆ ಒಂದೂಮುಕ್ಕಾಲು. ಕೆಳಗಿನದರಲ್ಲಿ ಗಾಳಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನುಗ್ಗುತ್ತದೆ ಅಂದುಕೊಂಡು ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಇದು ನಿಜವಾಗಿ ತೆರೆದಿರುವ ಜಾಗ. ಲೂವರ್ ಪಟ್ಟಿ, ಜಾಲರಿ ಅರ್ಧ ತಿಂದುಬಿಡುತ್ತವೆ. ಹಾಗಾಗಿ ಗೋಡೆಯಲ್ಲಿ ಕೆಳಗೆ ಏಳು, ಮೇಲೆ ಮೂರೂವರೆ ಚದರ ಅಡಿ ಕಿಂಡಿ ಬೇಕು. ಸೊಳ್ಳೆ ಜಾಲರಿ ಹಾಕಬೇಡಿ, ಒಂದೇ ತಿಂಗಳಲ್ಲಿ ಧೂಳು, ಜೇಡರಬಲೆ ಕಟ್ಟಿ ಮುಚ್ಚಿಕೊಳ್ಳುತ್ತದೆ. ಅರ್ಧ ಇಂಚಿನ ಜಾಲರಿ ಸಾಕು, ಹೆಗ್ಗಣ ತಡೆಯುತ್ತದೆ.

ಆಪರೇಟರ್‌ಗೆ ಟಾರ್ಪಾಲ್ ಕಟ್ಟಬೇಡ ಅಂತ ಬೈದು ಪ್ರಯೋಜನವಿಲ್ಲ. ಎರಚಲು ಬರುತ್ತಿದ್ದದ್ದು ನಿಜ. ಮಳೆಗಾಲದ ಗಾಳಿ ನಮಗೆ ಪಡುವಣದಿಂದ ಬರುತ್ತದೆ, ಕಿಂಡಿಯನ್ನೂ ಪಡುವಣಕ್ಕೇ ಇಟ್ಟಿದ್ದರು. ಎರಡೂ ಕಿಂಡಿ ಮೂಡು ಗೋಡೆಗೆ ಬಂದರೆ, ಮೇಲೆ ನಾಲ್ಕಡಿ ಸೂರು ಚಾಚಿದರೆ, ತಾನಾಗಿಯೇ ಟಾರ್ಪಾಲ್ ಬೇಡವಾಗುತ್ತದೆ. ಹಳೆಯ ಮನೆಗಳ ಸೂರು ಯಾಕೆ ಅಷ್ಟು ಇಳಿಬಿಡುತ್ತಿದ್ದರು ಅಂತ ಯೋಚಿಸಿ. ಎರಡೂ ಕಿಂಡಿ ಒಂದೇ ಗೋಡೆಯಲ್ಲಿರಲಿ. ಎದುರುಬದುರು ಇಟ್ಟರೆ ಜೋರು ಗಾಳಿಗೆ ಕೋಣೆಯ ಒತ್ತಡ ಏರಿಳಿದು ಬರ್ನರ್ ಕದಲುತ್ತದೆ.

ಗಾಳಿ ತಳ್ಳಲು ಫ್ಯಾನ್ ಇಡಬಹುದಾ ಅಂತ ಕೇಳುತ್ತಾರೆ. ನೆಲಮಾಳಿಗೆಯಲ್ಲಿ ಇದ್ದರೆ ಇಡಬೇಕಾಗುತ್ತದೆ. ಆಗ ಫ್ಯಾನ್ ನಿಂತರೆ ಬರ್ನರ್ ಆರುವಂತೆ ಗಾಳಿ ಸ್ವಿಚ್ ಕಟ್ಟಲೇಬೇಕು. ಆದರೆ ಕೋಣೆಯಿಂದ ಗಾಳಿ ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನ್ ಯಾವತ್ತೂ ಬೇಡ. ಸೆಕೆ ಅಂತ ಇಡುತ್ತಾರೆ. ಅದು ಚಿಮಣಿಯ ಎಳೆತದ ವಿರುದ್ಧ ಕೆಲಸ ಮಾಡುತ್ತದೆ. ಡೀಸೆಲ್ ಬಿಟ್ಟು ಎಲ್‌ಪಿಜಿ ಹಾಕುವವರು ಕೆಳಗಿನ ಕಿಂಡಿಯನ್ನು ನೆಲಕ್ಕೆ ತಾಗಿಸಿಯೇ ಇಡಬೇಕು, ಆ ಗ್ಯಾಸ್ ಗಾಳಿಗಿಂತ ಭಾರ.

ದಾರಿ ಒಂದು: ಪ್ರತಿ ಬಾಯ್ಲರಿಗೂ ಅದರದೇ ಚಿಮಣಿ

ಒಂದು ಬಾಯ್ಲರಿನ ಹೊಗೆಗೆ 200 ಮಿಮೀ ಕೊಳವೆ ಸಾಕು. ವೇಗ ಸೆಕೆಂಡಿಗೆ 5 ಮೀಟರ್ ಆಸುಪಾಸು ಬರುತ್ತದೆ, ಸಹಜ ಎಳೆತಕ್ಕೆ ಅದು ಹದ. 15 ಮೀಟರ್ ಎತ್ತರ ಇದ್ದು, ಹೊಗೆ ಚಿಮಣಿಯಲ್ಲಿ ಸರಾಸರಿ 170 ಡಿಗ್ರಿ, ಹೊರಗೆ 25 ಇದ್ದರೆ ಒಟ್ಟು ಎಳೆತ ಸುಮಾರು 53 ಪಾಸ್ಕಲ್. ಕೊಳವೆಯ ಉಜ್ಜುವಿಕೆ, ಎರಡು ತಿರುವು ಸೇರಿ 39 ತಿಂದುಹೋಗುತ್ತದೆ. ಉಳಿದದ್ದು 14. ಅದನ್ನು ಒಂದು ಚಿಕ್ಕ ಡ್ಯಾಂಪರಿನಿಂದ, ಅಂದರೆ ಕೊಳವೆಯೊಳಗೆ ತಿರುಗುವ ಮುಚ್ಚಳದಿಂದ, 10ಕ್ಕೆ ತರಬಹುದು. ಬಿಸಿಯಾದ ಮೇಲೆ ಅದು ಬದಲಾಗುವುದಿಲ್ಲ, ಯಾಕೆಂದರೆ ಆ ಚಿಮಣಿಗೆ ಬೇರೆ ಯಾರ ಹೊಗೆಯೂ ಸೇರುವುದಿಲ್ಲ. ಆರಿದ ಬಾಯ್ಲರಿಗೆ ಪಕ್ಕದವರ ಹೊಗೆ ಬರುವ ದಾರಿಯೇ ಇಲ್ಲ.

ತೊಂದರೆ ಎರಡು. ಹಂಚಿನ ಮಾಡಿಗೆ ಮೂರು ತೂತು ಬೀಳುತ್ತವೆ, ಪ್ರತಿಯೊಂದೂ ಸೋರುವ ಜಾಗ. ಇನ್ನೊಂದು, ಆರಿದ ಚಿಮಣಿಗೆ ಮಳೆ ಬೀಳುತ್ತದೆ. ಇದಕ್ಕೆ ಟೋಪಿ ಹಾಕುತ್ತಾರೆ. ಆ ಟೋಪಿ ಹೊಗೆಯನ್ನು ಕೆಳಕ್ಕೆ ತಿರುಗಿಸುತ್ತದೆ, ಎಳೆತವನ್ನೂ ಕಡಿಮೆ ಮಾಡುತ್ತದೆ. ಅದಕ್ಕಿಂತ ತುದಿಯಲ್ಲಿ ಸ್ವಲ್ಪ ದೊಡ್ಡ ಅಗಲದ ತೋಳು ಕೂರಿಸುವುದು ಒಳ್ಳೆಯದು. ಹೊಗೆ ನೇರ ಮೇಲೆ ಹೋಗುತ್ತದೆ, ಓರೆಯಾಗಿ ಬಿದ್ದ ಮಳೆ ತೋಳಿಗೆ ತಾಗಿ ಹೊರಗಿನ ಸಂದಿಯಿಂದ ಇಳಿಯುತ್ತದೆ. ಜೊತೆಗೆ ಚಿಮಣಿ ಬುಡದಲ್ಲಿ ನೀರು ಹೋಗುವ ಕೊಳವೆ ಇರಲೇಬೇಕು. ನಮ್ಮ ಕಡೆ ಬುಡದ ಡ್ರೇನ್ ಇಲ್ಲದ ಚಿಮಣಿಯಿಂದ ಬಾಯ್ಲರ್ ಒಳಗೇ ನೀರು ಬಂದದ್ದನ್ನು ನಾನು ಕಂಡಿದ್ದೇನೆ.

ಮೂರು ಕೊಳವೆಯನ್ನು ಒಂದೇ ಕಬ್ಬಿಣದ ಗೋಪುರದೊಳಗೆ ಹತ್ತಿರ ಹತ್ತಿರ ಕಟ್ಟಿ, ಹೊರಗಿಂದ ತಗಡು ಸುತ್ತಿಸಿದರೆ ಒಂದೇ ತೂತಿನಲ್ಲಿ ಕೆಲಸ ಮುಗಿಯುತ್ತದೆ. ಅಗತ್ಯ ಬಿದ್ದರೆ ಆ ಗೋಪುರವನ್ನು ಕಟ್ಟಡದ ಹೊರಗೇ ನಿಲ್ಲಿಸಬಹುದು. ಕಬ್ಬಿಣದ ಕೆಲಸ ಜಾಸ್ತಿ ಬೀಳುತ್ತದೆ, ಅಷ್ಟೇ.

ದಾರಿ ಎರಡು: ಎಲ್ಲ ಸೇರಿ ಒಂದು ಹೆಡರ್, ಒಂದು ಚಿಮಣಿ

ಹೆಡರ್ ಅಂದರೆ ಎಲ್ಲ ಬಾಯ್ಲರಿನ ಹೊಗೆ ಸೇರಿ ಚಿಮಣಿಗೆ ಹೋಗುವ ಕೊಳವೆ. ಆ ಶಾಲೆಯಲ್ಲಿ ಇದ್ದದ್ದು ಇದೇ. ತಪ್ಪು ಹೆಡರ್ ಹಾಕಿದ್ದರಲ್ಲಿ ಅಲ್ಲ, ಅಳತೆಯಲ್ಲಿ. ಸ್ಥಳೀಯ ಫ್ಯಾಬ್ರಿಕೇಟರ್ ಕೈಯಲ್ಲಿ ಇದ್ದ 10 ಇಂಚಿನ ಪೈಪನ್ನೇ ಮೂರಕ್ಕೂ ಹಾಕಿದ್ದರು. ಲೆಕ್ಕ ಹಾಕಿ ನೋಡೋಣ. ಎರಡು ಬಾಯ್ಲರ್ ಉರಿದಾಗ ಹೊಗೆ ಸೆಕೆಂಡಿಗೆ 6 ಮೀಟರಿಗೂ ಮೇಲೆ ಓಡಬೇಕು. ಆ ವೇಗಕ್ಕೆ ಉಜ್ಜುವಿಕೆ, ತಿರುವು ಸೇರಿ ಸುಮಾರು 68 ಪಾಸ್ಕಲ್ ಬೇಕು. ಚಿಮಣಿ ಕೊಡುವುದು 50 ಚಿಲ್ಲರೆ. ಉಳಿದ ಕೊರತೆಯನ್ನು ಬರ್ನರ್ ಬ್ಲೋವರ್ ತಳ್ಳಿ ತುಂಬುತ್ತದೆ, ಹೆಡರ್ ಒಳಗೆ ಒತ್ತಡ ಏರುತ್ತದೆ. ಎಳೆಯಬೇಕಾದ ಹೆಡರ್ ತಳ್ಳಲು ಶುರು ಮಾಡಿದರೆ ಆರಿದ ಮೂರನೇ ಬಾಯ್ಲರೇ ಹೊಗೆಗೆ ಕಿಟಕಿ. ಮೂರೂ ಉರಿದಾಗ ಒಳಗಿನ ಒತ್ತಡ ಇನ್ನೂ ಹೆಚ್ಚು, ಸುಮಾರು 100 ಪಾಸ್ಕಲ್. ಆದರೆ ಆಗ ಆರಿದ ಬಾಯ್ಲರ್ ಇರಲಿಲ್ಲ, ಜೋಡಣೆಗಳಲ್ಲಿ ಮಸಿ ಮಾತ್ರ ಕಾಣುತ್ತಿತ್ತು. ಆ ಮಸಿ ಗೆರೆಯೇ ಗುರುತು. ಹೆಡರಿನ ಫ್ಲ್ಯಾಂಜ್ ಸುತ್ತ ಕಪ್ಪು ಕಂಡರೆ ಅದು ತಳ್ಳುತ್ತಿದೆ ಅಂತಲೇ ತಿಳಿಯಿರಿ.

ಸರಿಯಾದ ಅಳತೆ ಇಲ್ಲಿ 350 ಮಿಮೀ. ಮೂರೂ ಉರಿದಾಗ ಬಾಯ್ಲರ್ ಬಾಯಲ್ಲಿ ಸುಮಾರು 17 ಪಾಸ್ಕಲ್ ಎಳೆತ ಉಳಿಯುತ್ತದೆ. ಈಗ ಎರಡನ್ನು ಆರಿಸಿ. ಹೊಗೆ ಮೂರನೇ ಒಂದಾಯಿತು, ಉಜ್ಜುವಿಕೆ ಹೆಚ್ಚುಕಡಿಮೆ ಇಲ್ಲವಾಯಿತು. ಚಿಮಣಿ ಸ್ವಲ್ಪ ತಣ್ಣಗಾದರೂ ಎಳೆತ 32 ಪಾಸ್ಕಲ್ ಆಗುತ್ತದೆ. ಅಂದರೆ ಹೆಡರ್ ಸರಿಯಾಗಿದ್ದರೂ, ಅಡುಗೆಮನೆಗಾಗಿ ಇಡೀ ದಿನ ಉರಿಯುವ ಆ ಒಂದು ಬಾಯ್ಲರ್ ಬೆಳಗಿನ ಎರಡರಷ್ಟು ಎಳೆತ ಅನುಭವಿಸುತ್ತದೆ. ಬೆಳಗ್ಗೆ ಸೆಟ್ ಮಾಡಿದ ಬರ್ನರ್ ಮಧ್ಯಾಹ್ನಕ್ಕೆ ಸರಿಯಿರುವುದಿಲ್ಲ. ಒಂದಕ್ಕಿಂತ ಹೆಚ್ಚು ಬಾಯ್ಲರ್ ಇರುವಲ್ಲಿ ಡ್ರಾಫ್ಟ್ ನಿಯಂತ್ರಣ ಬೇಕಾಗುವುದು ಇದಕ್ಕೇ.

ಇದಕ್ಕೆ ಸರಳ ಸಾಧನ ಸ್ಟೆಬಿಲೈಸರ್. ತೂಕ ಕಟ್ಟಿದ ಒಂದು ತೂಗುಬಾಗಿಲು. ಎಳೆತ ಜಾಸ್ತಿಯಾದರೆ ತಾನೇ ತೆರೆದು ಕೋಣೆಯ ಗಾಳಿಯನ್ನು ಚಿಮಣಿಗೆ ಬಿಡುತ್ತದೆ, ಬಾಯ್ಲರ್ ಮೇಲಿನ ಎಳೆತ ಇಳಿಯುತ್ತದೆ. ಕರೆಂಟ್ ಬೇಡ. ಕೋಣೆಯ ಗಾಳಿ ತಿನ್ನುತ್ತದಲ್ಲ, ಕಿಂಡಿ ದೊಡ್ಡದು ಮಾಡಬೇಕಾ? ಈ ಲೆಕ್ಕ ನಾನು ಮಾಡಿ ನೋಡಿದ್ದೇನೆ. ಅದು ಚೆನ್ನಾಗಿ ತೆರೆಯುವುದು ಒಂದೇ ಬರ್ನರ್ ಉರಿಯುವಾಗ. ಆಗ ಉಳಿದೆರಡು ಗಾಳಿ ಎಳೆಯುತ್ತಿಲ್ಲ. ಉರಿಯುವ ಬರ್ನರ್, ಸ್ಟೆಬಿಲೈಸರ್ ಎರಡರ ಗಾಳಿ ಸೇರಿಸಿದರೂ ಮೂರು ಬರ್ನರಿನ ಅಗತ್ಯಕ್ಕಿಂತ ಕಡಿಮೆಯೇ. ಮೂರಕ್ಕೆ ಸರಿಯಾಗಿ ಕಿಂಡಿ ಇಟ್ಟಿದ್ದರೆ ಸಾಕು. ಚಿಮಣಿ ಮಾತ್ರ 85 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಬರೀ ತಗಡಿನ ಚಿಮಣಿ ಮಳೆಯಲ್ಲಿ ನೆನೆದರೆ ಒಳಗೆ ಬೆವರುತ್ತದೆ. ಎರಡು ಪದರದ ಸ್ಟೀಲ್ ನಡುವೆ 50 ಮಿಮೀ ರಾಕ್‌ವೂಲ್ ಇದ್ದರೆ ಆ ಭಯ ಇಲ್ಲ.

ಜೋಡಣೆಯ ಕ್ರಮ ಮುಖ್ಯ. ಬಾಯ್ಲರ್, ನಂತರ ಅದರ ಸ್ಟೆಬಿಲೈಸರ್, ನಂತರ ಮುಚ್ಚುವ ಡ್ಯಾಂಪರ್, ಆಮೇಲೆ ಹೆಡರ್. ಆರಿದ ಬಾಯ್ಲರಿನ ಡ್ಯಾಂಪರ್ ಮುಚ್ಚಿರಬೇಕು. ಅದು ಪೂರ್ತಿ ತೆರೆದಿದೆ ಎಂದು ಸ್ವಿಚ್ ಹೇಳುವವರೆಗೆ ಬರ್ನರ್ ಹೊತ್ತಬಾರದು. ಹೆಡರಿಗೆ ಮೂರೂ ಕೊಳವೆ 45 ಡಿಗ್ರಿ ಓರೆಯಾಗಿ, ಹೊಗೆ ಹೋಗುವ ದಿಕ್ಕಿಗೇ ಸೇರಲಿ. ಹೆಡರ್ ಚಿಮಣಿಯ ಕಡೆಗೆ ಏರುತ್ತಾ ಹೋಗಲಿ. ಮೊದಲು ಹೊತ್ತುವ ಬಾಯ್ಲರ್ ಚಿಮಣಿಗೆ ಹತ್ತಿರದ್ದಾಗಿರಲಿ. ಅದು ಚಿಮಣಿಯನ್ನು ಬಿಸಿ ಮಾಡಿಟ್ಟರೆ ಉಳಿದವು ಸಲೀಸಾಗಿ ಹೊತ್ತುತ್ತವೆ.

ಈ ದಾರಿಯ ದುರ್ಬಲ ಜಾಗ ಆ ಡ್ಯಾಂಪರುಗಳು. ನಮ್ಮ ತೇವಕ್ಕೆ ಬೇರಿಂಗ್ ಹಿಡಿದುಕೊಳ್ಳುತ್ತದೆ, ಸ್ವಿಚ್ ತುಕ್ಕು ಹಿಡಿಯುತ್ತದೆ. ಬೆಳಗ್ಗೆ ನೀರು ಬಾರದಿದ್ದಾಗ ಯಾರಾದರೂ ಸ್ವಿಚ್‌ಗೆ ತಂತಿ ಸುತ್ತಿ ಬೈಪಾಸ್ ಮಾಡುತ್ತಾರೆ. ಆ ಮೇಲೆ ಮೊದಲ ಅಳತೆಗೋಲಿನಲ್ಲೇ ವ್ಯವಸ್ಥೆ ಸೋತಂತೆ.

ದಾರಿ ಮೂರು: ಹೆಡರ್, ತುದಿಯಲ್ಲಿ ಫ್ಯಾನ್

ಹೆಡರಿನಲ್ಲಿ ಒತ್ತಡ ಅಳೆಯುವ ಸೆನ್ಸರ್, ಅದನ್ನು ನೋಡಿ ವೇಗ ಬದಲಿಸುವ ಫ್ಯಾನ್. ಒಂದು ಉರಿದರೂ ಮೂರು ಉರಿದರೂ ಹೇಳಿದಷ್ಟೇ ಎಳೆತ. ಎರಡನೇ ಅಳತೆಗೋಲಿನಲ್ಲಿ ಇದಕ್ಕೂ ಪೂರ್ತಿ ಅಂಕ. ಚಿಮಣಿ ಸಣ್ಣದಾದರೂ ನಡೆಯುತ್ತದೆ. ಈ ಶಾಲೆಯ ಹಳೆಯ 10 ಇಂಚಿನ ಪೈಪನ್ನೇ ಸರಿಯಾದ ಫ್ಯಾನ್ ಇದ್ದರೆ ಉಳಿಸಿಕೊಳ್ಳಬಹುದಿತ್ತು. ಗುಡ್ಡದ ಬುಡದಲ್ಲಿ ಕಟ್ಟಡ ಇದ್ದು ಗಾಳಿ ಮೇಲಿಂದ ಕೆಳಗೆ ಬಡಿಯುವ ಕಡೆ, ಅಥವಾ ಹೊಗೆ ಇಪ್ಪತ್ತು ಮೀಟರ್ ಅಡ್ಡ ಹೋಗಬೇಕಾದ ಕಡೆ, ಸಹಜ ಎಳೆತ ಸಾಲುವುದೇ ಇಲ್ಲ. ಅಲ್ಲಿ ನಾನು ಬೇರೆ ಮಾತಿಲ್ಲದೆ ಇದನ್ನೇ ಹೇಳುತ್ತೇನೆ.

ಆದರೆ ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಬರುವಾಗ ವೋಲ್ಟೇಜ್ ಕುಣಿಯುತ್ತದೆ, ಸಿಡಿಲಿಗೆ ಫ್ಯಾನಿನ ವೇಗ ಬದಲಿಸುವ ಡ್ರೈವ್ ಸುಡುತ್ತದೆ. ಬರ್ನರ್‌ಗೂ ಕರೆಂಟ್ ಬೇಕು, ಹಾಗಾಗಿ ಜನರೇಟರ್ ಹೇಗೂ ಇರುತ್ತದೆ. ಆದರೆ ಬೇರೆ ದಾರಿಗಳಲ್ಲಿ ಒಂದು ಬರ್ನರ್ ಕೆಟ್ಟರೆ ಎರಡು ಉಳಿಯುತ್ತವೆ, ಇಲ್ಲಿ ಫ್ಯಾನ್ ಕೆಟ್ಟರೆ ಮೂರೂ ನಿಲ್ಲಬೇಕು, ನಿಲ್ಲಲೇಬೇಕು. ಡ್ರೈವ್ ರಿಪೇರಿಯವರು ಶಿವಮೊಗ್ಗದಿಂದ ಬರಬೇಕು. ಇನ್ನೊಂದು ಡ್ರೈವ್ ಕಪಾಟಿನಲ್ಲಿ ಇಡುವ ಶಕ್ತಿ ಇರುವವರಿಗೆ, ಓದಿದ ಆಪರೇಟರ್ ಇರುವ ಆಸ್ಪತ್ರೆ, ದೊಡ್ಡ ರೆಸಾರ್ಟ್‌ಗಳಿಗೆ ಇದು ಸರಿ.

ಯಾರಿಗೆ ಯಾವುದು

ಎರಡೋ ಮೂರೋ ಬಾಯ್ಲರ್, ಮೇಲೆ ಎತ್ತಲು ಜಾಗ ಇದೆ, ನೋಡಿಕೊಳ್ಳುವವರು ಅಡುಗೆಭಟ್ಟರ ಸಹಾಯಕರೇ ಅಂದರೆ ನನ್ನ ಮಾತು ಬೇರೆ ಬೇರೆ ಚಿಮಣಿ. ಮೊದಲ ಖರ್ಚು ಜಾಸ್ತಿ, ಆಮೇಲೆ ಕೆಡುವುದು ಕಡಿಮೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಾಯ್ಲರ್ ಇದ್ದರೆ ಅಷ್ಟೊಂದು ಕೊಳವೆ ಎತ್ತುವುದು ಆಗದ ಮಾತು, ಅಲ್ಲಿ ಸರಿಯಾದ ಅಳತೆಯ ಹೆಡರ್, ಸ್ಟೆಬಿಲೈಸರ್, ಡ್ಯಾಂಪರ್. ಕೈಯಲ್ಲಿ ಹಣ ಬಿಗಿ ಇದ್ದು ಹೆಡರ್ ಹಾಕಿಸುವವರು ಸ್ಟೆಬಿಲೈಸರನ್ನು ಮೂರರ ಬದಲು ಒಂದೇ ಹಾಕಿ ಉಳಿಸಬಹುದು, ದೂರದ ಬಾಯ್ಲರ್ ಸ್ವಲ್ಪ ಏರುಪೇರಾಗುತ್ತದೆ ಅಷ್ಟೇ. ಡ್ಯಾಂಪರ್ ಸ್ವಿಚ್ಚಿನಲ್ಲಿ ಮಾತ್ರ ಉಳಿಸಬೇಡಿ.

ಆ ಶಾಲೆಯವರು ಮೂರು ಕೊಳವೆಯ ಗೋಪುರವನ್ನೇ ಆರಿಸಿದರು. ಕಟ್ಟಡದ ಹೊರಗೆ, ಮೂಡು ಬದಿಯಲ್ಲಿ, ತುದಿ ಮಾಡಿನ ನೆತ್ತಿಗಿಂತ ಮೇಲೆ. ಎತ್ತರವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಗೂ ಹೊಂದಿಸಿಕೊಂಡರು. ಮಲಗುವ ಕೋಣೆಯಲ್ಲೂ ಬಾಯ್ಲರ್ ಕೋಣೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿದೆ.

ನೀವು ಯಾವುದನ್ನೇ ಆರಿಸಿ, ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಮಳೆ ಬರುವ ದಿನ, ಬೆಳಗ್ಗೆ, ಮೂರೂ ಬರ್ನರ್ ಹೊತ್ತಿಸಿ, ಕೋಣೆಯ ಬಾಗಿಲು ಮುಚ್ಚಿ. ಹೊಗೆಯ ಆಮ್ಲಜನಕ ಅಳೆಯಿರಿ, ಶೇ 4ರ ಹತ್ತಿರ ಇರಬೇಕು. ಈಗ ಬಾಗಿಲು ಪೂರ್ತಿ ತೆರೆಯಿರಿ. ಅಂಕಿ ಕದಲದಿದ್ದರೆ ಗಾಳಿ ಸಾಕಾಗಿದೆ. ಶೇ 2 ಇದ್ದದ್ದು 4ಕ್ಕೆ ಏರಿದರೆ ಕಿಂಡಿ ಸಾಲದು. ಬಾಗಿಲು ತೆರೆಯುವಾಗ ಒಳಕ್ಕೆ ಎಳೆದಂತಾದರೂ ಅದೇ ಅರ್ಥ. ಮುಂದೆ ಒಂದೊಂದೇ ಬರ್ನರ್ ಆರಿಸುತ್ತಾ ಬನ್ನಿ, ಪ್ರತಿ ಸಲ ಉರಿಯುವ ಬಾಯ್ಲರಿನ ಎಳೆತ ಬರೆದುಕೊಳ್ಳಿ. ಆರಿದ ಬಾಯ್ಲರಿನ ಬರ್ನರ್ ಬಾಯಿಗೆ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಕ್ಕೆ ಹೋದರೆ, ಅಥವಾ ನೇರ ಮೇಲೆ ಎದ್ದರೆ ಸರಿ. ನಿಮ್ಮ ಕಡೆಗೆ ಬಾಗಿದರೆ ಬಿಲ್ಲಿಗೆ ಸಹಿ ಹಾಕಬೇಡಿ.